ಛಾಯಾಚಿತ್ರದಿಂದ ಗ್ರಾಫ್ ಹಾಳೆಗೆ: ಐದು ಬಣ್ಣಗಳಲ್ಲಿ ಒಂದು ಮಿಂಚುಳ್ಳಿ

ಕೆರೆಯ ಏರಿಯ ಮೇಲೆ, ವಿದ್ಯುತ್ ತಂತಿಯ ಮೇಲೆ, ಗದ್ದೆಯ ಬದುವಿನ ಒಣಕೊಂಬೆಯ ಮೇಲೆ ಒಂಟಿಯಾಗಿ ಕೂತು ಕಾಣಿಸಿಕೊಳ್ಳುವ ಬಿಳಿ ಎದೆಯ ಮಿಂಚುಳ್ಳಿ, ಛಾಯಾಚಿತ್ರದಿಂದ ಕಸೂತಿಗೆ ಇಳಿಸುವುದನ್ನು ಕಲಿಯಲು ಬಹಳ ಅನುಕೂಲವಾದ ಹಕ್ಕಿ. ಅದರ ತಲೆ, ಪಕ್ಕೆ ಮತ್ತು ಹೊಟ್ಟೆ ಕಡುಗಂದು, ಗಂಟಲು ಮತ್ತು ಎದೆ ಅಚ್ಚ ಬಿಳಿ, ಬೆನ್ನು, ರೆಕ್ಕೆ, ಬಾಲ ಹೊಳೆಯುವ ನೀಲಿ, ಕೊಕ್ಕು ಮತ್ತು ಕಾಲು ಕೆಂಪು. ಈ ಬಣ್ಣಗಳು ಒಂದರೊಳಗೊಂದು ಕರಗದೆ ದೊಡ್ಡ ದೊಡ್ಡ ತುಂಡುಗಳಾಗಿ ನಿಂತಿರುವುದರಿಂದ, ಚೌಕಗಳಿಗೆ ಕತ್ತರಿಸಿದ ಮೇಲೂ ಹಕ್ಕಿ ಹಕ್ಕಿಯಾಗಿಯೇ ಉಳಿಯುತ್ತದೆ. ಇದೇ ಕಾರಣಕ್ಕೆ ಗುಬ್ಬಚ್ಚಿಯನ್ನೋ ಗೂಬೆಯನ್ನೋ ಮೊದಲ ಪ್ರಯತ್ನಕ್ಕೆ ಆರಿಸಿಕೊಳ್ಳಬಾರದು. ಅವುಗಳ ಗುರುತು ಸಣ್ಣ ಸಣ್ಣ ಚುಕ್ಕೆ ಮತ್ತು ಗೀರುಗಳಲ್ಲಿದೆ, ಚೌಕಕ್ಕಿಂತ ಚಿಕ್ಕದಾದ ಯಾವುದೂ ಗ್ರಾಫ್ ಹಾಳೆಯಲ್ಲಿ ಬದುಕುವುದಿಲ್ಲ.

ಈ ಲೇಖನದಲ್ಲಿ ಈ ಒಂದು ಹಕ್ಕಿಯನ್ನು ಅಗಲಕ್ಕೆ 30, ಎತ್ತರಕ್ಕೆ 40 ಹೊಲಿಗೆಗಳ ಕ್ರಾಸ್ ಸ್ಟಿಚ್ ನಕ್ಷೆಯಾಗಿ ಬರೆಯುವ ಕ್ರಮವನ್ನು ವಿವರಿಸಿ, ಕೊನೆಗೆ ಅದನ್ನೇ ಉಲ್ಲನ್ ಹೆಣಿಗೆಗೆ ಹೊಂದಿಸುವಾಗ ಏನು ಬದಲಾಗುತ್ತದೆ ಎಂಬುದನ್ನು ಹೇಳಲಾಗಿದೆ. ಧಾರವಾಡದ ಕಡೆಯ ಕಸೂತಿಯಲ್ಲಿ ಹಾಳೆಯ ಮೇಲೆ ಏನನ್ನೂ ಬರೆಯದೆ ಬಟ್ಟೆಯ ಎಳೆಗಳನ್ನೇ ಎಣಿಸಿ ಗೋಪುರ, ತೇರು, ನವಿಲುಗಳನ್ನು ಮೂಡಿಸುತ್ತಾರೆ. ಕ್ರಾಸ್ ಸ್ಟಿಚ್ಚನ್ನೇ ಹೋಲುವ ಮೆಂತಿ ಎಂಬ ಹೊಲಿಗೆಯೂ ಅದರಲ್ಲಿದೆ. ಆದರೆ ಆ ಚಿತ್ತಾರಗಳು ತಲೆಮಾರುಗಳಿಂದ ಎಣಿಕೆಗೆ ಹೊಂದಿಕೊಂಡು ಬಂದವು. ಛಾಯಾಚಿತ್ರದಲ್ಲಿರುವ ಹಕ್ಕಿಗೆ ಅಂಥ ಎಣಿಕೆ ಇನ್ನೂ ಹುಟ್ಟಿರುವುದಿಲ್ಲ, ಹಾಗಾಗಿ ಹಾಳೆ ಬೇಕಾಗುತ್ತದೆ.

ಚಿತ್ರವನ್ನು ಆರಿಸುವುದು ಮತ್ತು ಮುದ್ರಿಸುವುದು

ಹಕ್ಕಿ ಪೂರ್ತಿ ಪಕ್ಕಕ್ಕೆ ತಿರುಗಿ ಕೂತಿರುವ ಚಿತ್ರವೇ ಬೇಕು. ಮಿಂಚುಳ್ಳಿಯ ಗುರುತು ಅದರ ಉದ್ದನೆಯ ಕೊಕ್ಕಿನಲ್ಲಿರುವುದರಿಂದ, ಅದು ಕ್ಯಾಮೆರಾದ ಕಡೆಗೆ ಮುಖ ಮಾಡಿದ ಚಿತ್ರ ಎಷ್ಟೇ ಸುಂದರವಾಗಿದ್ದರೂ ಕೊಕ್ಕು ಒಂದು ಕೆಂಪು ಚುಕ್ಕೆಯಾಗಿಬಿಡುತ್ತದೆ. ಬೆಳಕು ಛಾಯಾಗ್ರಾಹಕನ ಬೆನ್ನ ಹಿಂದಿನಿಂದ ಬಂದಿರಬೇಕು. ಹಕ್ಕಿಯ ಹಿಂದಿನಿಂದ ಬೆಳಕು ಬಿದ್ದ ಚಿತ್ರದಲ್ಲಿ ಕಂದು ಮತ್ತು ನೀಲಿ ಎರಡೂ ಕಪ್ಪಾಗಿ ಕಾಣುತ್ತವೆ. ಎಲೆ ಅಥವಾ ಕಡ್ಡಿ ದೇಹವನ್ನು ಅಡ್ಡಗಟ್ಟಿರಬಾರದು. ಹಿನ್ನೆಲೆ ಹೇಗಿದ್ದರೂ ಚಿಂತೆಯಿಲ್ಲ, ಅದನ್ನು ನಾವು ಹೇಗೂ ಬಿಟ್ಟುಬಿಡುತ್ತೇವೆ.

ಹಕ್ಕಿ ಮತ್ತು ಅದು ಕೂತ ಕೊಂಬೆ ಚೌಕಟ್ಟನ್ನು ತುಂಬುವಂತೆ ಚಿತ್ರವನ್ನು ಮೂರಕ್ಕೆ ನಾಲ್ಕರ ಪ್ರಮಾಣದಲ್ಲಿ ಕತ್ತರಿಸಿ, ಸ್ಟುಡಿಯೋದಲ್ಲಿ 6 ಇಂಚು ಅಗಲ 8 ಇಂಚು ಎತ್ತರದ ಪ್ರತಿ ಹಾಕಿಸಬೇಕು. ಇದು ಹೆಚ್ಚುಕಡಿಮೆ 15 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಎತ್ತರವಾಗುತ್ತದೆ. ಈ ಅಳತೆಯನ್ನೇ ಏಕೆ ಹೇಳುತ್ತಿದ್ದೇನೆಂದರೆ, ಚಿತ್ರವೂ ನಕ್ಷೆಯೂ ಒಂದೇ ಅಳತೆಯಲ್ಲಿದ್ದರೆ ಹಿಗ್ಗಿಸುವ, ಕುಗ್ಗಿಸುವ ಲೆಕ್ಕವೇ ಬರುವುದಿಲ್ಲ; ಚಿತ್ರದ ಮೇಲಿನ ಒಂದು ಜಾಗಕ್ಕೆ ಹಾಳೆಯ ಮೇಲೆ ನೇರವಾಗಿ ಒಂದು ಚೌಕ ಸಿಗುತ್ತದೆ. ಇದರ ಜೊತೆಗೆ ಅದೇ ಅಳತೆಯ ಕಪ್ಪು-ಬಿಳುಪು ಪ್ರತಿಯೊಂದನ್ನು ತೆಗೆಸಿಟ್ಟುಕೊಳ್ಳಬೇಕು. ಬಣ್ಣ ಇಳಿಸುವಾಗ ಅದರ ಅಗತ್ಯ ಬೀಳುತ್ತದೆ.

ಎಷ್ಟು ಚೌಕಗಳು?

ಸಾಮಾನ್ಯವಾಗಿ ಜನ ಬಟ್ಟೆಯ ಮೇಲೆ ಚಿತ್ರ ಎಷ್ಟು ದೊಡ್ಡದಾಗಿರಬೇಕೆಂದು ಮೊದಲು ನಿರ್ಧರಿಸಿ, ಆಮೇಲೆ ಚೌಕಗಳನ್ನು ಎಣಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಲೆಕ್ಕ ಶುರುವಾಗಬೇಕಾದದ್ದು ಚಿತ್ರದಲ್ಲಿ ಬಿಡಲಾಗದ ಅತಿ ಚಿಕ್ಕ ಅಂಶದಿಂದ. ಮಿಂಚುಳ್ಳಿಯಲ್ಲಿ ಅದು ಕಣ್ಣು. 20 ಸೆಂಟಿಮೀಟರ್ ಎತ್ತರದ ಪ್ರತಿಯಲ್ಲಿ ಕಣ್ಣು ಸುಮಾರು 6 ಮಿಲಿಮೀಟರ್ ಬರುತ್ತದೆ. ಒಂದು ಚೌಕ 1 ಸೆಂಟಿಮೀಟರ್ ಆದರೆ, ಅಂದರೆ ಹಕ್ಕಿಗೆ ಎತ್ತರದಲ್ಲಿ 20 ಹೊಲಿಗೆ ಮಾತ್ರ ಇದ್ದರೆ, ಕಣ್ಣು ಅರ್ಧ ಚೌಕದಷ್ಟಾಗುತ್ತದೆ. ಅದನ್ನು ಒಂದು ಪೂರ್ತಿ ಚೌಕಕ್ಕೆ ಹಿಗ್ಗಿಸಿದರೆ ಹಕ್ಕಿ ಗಾಬರಿಗೊಂಡಂತೆ ಕಾಣುತ್ತದೆ. ಚೌಕ 5 ಮಿಲಿಮೀಟರ್ ಆದರೆ ಕಣ್ಣಿಗೆ ಸರಿಯಾಗಿ ಒಂದು ಚೌಕ ಸಿಗುತ್ತದೆ, ಎತ್ತರಕ್ಕೆ 40 ಹೊಲಿಗೆ, ಅಗಲಕ್ಕೆ 30 ಹೊಲಿಗೆ ಬರುತ್ತದೆ. ಇನ್ನೂ ಚಿಕ್ಕ ಚೌಕಗಳಿಗೆ ಹೋಗುವುದರಿಂದ ಹೊಲಿಗೆಯ ಕೆಲಸ ಬೆಳೆಯುತ್ತದೆಯೇ ಹೊರತು ಈ ಹಕ್ಕಿಯ ಗುರುತು ಹೆಚ್ಚು ಸ್ಪಷ್ಟವಾಗುವುದಿಲ್ಲ.

ಶಾಲೆಯ ಮಕ್ಕಳು ಬಳಸುವ, ಮಿಲಿಮೀಟರ್ ಗೆರೆಗಳಿರುವ ಗ್ರಾಫ್ ಹಾಳೆಯೇ ಇದಕ್ಕೆ ಸಾಕು. ಆದರೆ ಒಂದು ಮಿಲಿಮೀಟರ್ ಚೌಕವನ್ನು ಒಂದು ಹೊಲಿಗೆಯೆಂದು ಎಣಿಸಲು ಹೋಗಬಾರದು. ಹಾಳೆಯ ಮೇಲೆ 15 × 20 ಸೆಂಟಿಮೀಟರಿನ ಆಯತವನ್ನು ಗುರುತು ಮಾಡಿ, ಅದರೊಳಗೆ ಪ್ರತಿ 5 ಮಿಲಿಮೀಟರಿಗೆ ಚೂಪಾದ ಪೆನ್ಸಿಲ್ಲಿನಿಂದ ಒಂದೊಂದು ಗೆರೆ ಎಳೆಯಬೇಕು. ಪ್ರತಿ 5 ಸೆಂಟಿಮೀಟರಿಗೆ, ಅಂದರೆ ಪ್ರತಿ ಹತ್ತು ಹೊಲಿಗೆಗೆ, ಪೆನ್ನಿನಿಂದ ದಪ್ಪ ಗೆರೆ ಎಳೆದು, ಮೇಲಂಚಿನಲ್ಲಿ ಕಂಬಸಾಲುಗಳಿಗೂ ಎಡ ಅಂಚಿನಲ್ಲಿ ಅಡ್ಡಸಾಲುಗಳಿಗೂ ಸಂಖ್ಯೆ ಬರೆದಿಡಬೇಕು. ಅರ್ಧ ಹೊಲಿದ ಮೇಲೆ ಎಣಿಕೆ ತಪ್ಪಿದರೆ ಎಲ್ಲಿ ತಪ್ಪಿತೆಂದು ಹುಡುಕಲು ಈ ದಪ್ಪ ಗೆರೆಗಳೇ ಆಧಾರ.

ಹೊರಗೆರೆ

ಬಣ್ಣದ ಪ್ರತಿಯ ಮೇಲೆ ಟ್ರೇಸಿಂಗ್ ಹಾಳೆ ಇಟ್ಟು ನಾಲ್ಕು ಮೂಲೆಗಳನ್ನು ಟೇಪಿನಿಂದ ಬಿಗಿದು, ಮೊದಲು ಹಕ್ಕಿಯ ಹೊರಗೆರೆಯನ್ನು ಒಂದೇ ಮುಚ್ಚಿದ ರೇಖೆಯಾಗಿ ಎಳೆಯಬೇಕು. ಆಮೇಲೆ ಒಳಗಿನ ಗಡಿಗಳನ್ನು, ಅಂದರೆ ಕಂದು ತಲೆ ಎಲ್ಲಿ ಮುಗಿದು ಬಿಳಿ ಎದೆ ಎಲ್ಲಿ ಶುರುವಾಗುತ್ತದೆ, ಭುಜದ ಕಂದು ಎಲ್ಲಿ ನಿಂತು ರೆಕ್ಕೆಯ ನೀಲಿ ಎಲ್ಲಿ ಆರಂಭವಾಗುತ್ತದೆ ಎಂಬ ಗೆರೆಗಳನ್ನು ಹಾಕಬೇಕು. ಗರಿಗಳ ನಡುವಿನ ಗೀರು, ಹೊಳಪು, ನೆರಳು ಯಾವುದನ್ನೂ ಎಳೆಯಬಾರದು. ಒಂದು ಗೆರೆಯ ಎರಡು ಬದಿಗಳಲ್ಲಿ ಬೇರೆ ಬೇರೆ ದಾರ ಬರುತ್ತದೆಯೇ ಎಂದು ಕೇಳಿಕೊಂಡು, ಬರುವುದಾದರೆ ಮಾತ್ರ ಆ ಗೆರೆಯನ್ನು ಉಳಿಸಿಕೊಳ್ಳಬೇಕು.

ಎಳೆದ ಟ್ರೇಸಿಂಗ್ ಹಾಳೆಯನ್ನು ಹಗಲಿನಲ್ಲಿ ಕಿಟಕಿಯ ಗಾಜಿಗೆ ಅಂಟಿಸಿ, ಅದರ ಮೇಲೆ ಗ್ರಾಫ್ ಹಾಳೆಯನ್ನು ಹಿಡಿದರೆ ಗೆರೆಗಳು ಕೆಳಗಿನಿಂದ ಮೂಡಿ ಕಾಣುತ್ತವೆ. ಪೂರ್ತಿ ಅಂಟಿಸುವ ಮೊದಲು ಗ್ರಾಫ್ ಹಾಳೆಯನ್ನು ಎರಡು ಮೂರು ಮಿಲಿಮೀಟರ್ ಆಚೀಚೆ ಸರಿಸಿ ನೋಡುವುದು ಈ ಹಂತದ ಅತಿ ಉಪಯುಕ್ತ ಕೆಲಸ. ಕಣ್ಣು ನಾಲ್ಕು ಚೌಕಗಳು ಸೇರುವ ಮೂಲೆಯ ಮೇಲೆ ಬಿದ್ದರೆ ಅದು ಯಾವ ಚೌಕಕ್ಕೂ ಸೇರದೆ ಕಳೆದುಹೋಗುತ್ತದೆ. ಹಾಳೆಯನ್ನು ಸ್ವಲ್ಪ ಸರಿಸಿ ಕಣ್ಣನ್ನು ಒಂದೇ ಚೌಕದ ನಡುವಿಗೆ ತಂದರೆ ಆ ತೊಂದರೆ ಅಲ್ಲಿಗೇ ಮುಗಿಯುತ್ತದೆ. ಕೊಕ್ಕಿನ ನಡುಗೆರೆಯೂ ಒಂದು ಅಡ್ಡಸಾಲಿನೊಳಗೆ ಬರುವಂತೆ ನೋಡಿಕೊಳ್ಳಬಹುದು. ಕಣ್ಣು ಮತ್ತು ಕೊಕ್ಕು ಎರಡೂ ಕೂಡಿಬರದಿದ್ದರೆ ಕಣ್ಣಿಗೇ ಆದ್ಯತೆ ಕೊಡಬೇಕು, ಕೊಕ್ಕನ್ನು ಕೈಯಿಂದ ತಿದ್ದಿಕೊಳ್ಳಲು ಸಾಧ್ಯವಿದೆ.

ಬಣ್ಣಗಳನ್ನು ಇಳಿಸುವುದು

ಚಿತ್ರವನ್ನು ಹತ್ತಿರದಿಂದ ನೋಡಿ ಕಾಣುವ ಬಣ್ಣಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆಯುತ್ತಾ ಹೋದರೆ ಪಟ್ಟಿ ಬೇಗ ಬೆಳೆಯುತ್ತದೆ. ಬಿಸಿಲು ಬಿದ್ದ ಕಂದು ತಲೆ, ನೆರಳಿನ ಕಂದು ಹೊಟ್ಟೆ, ಅಚ್ಚ ಬಿಳಿ ಎದೆ, ಎದೆಯ ಅಂಚಿನ ಬೂದು, ಬೆನ್ನಿನ ತಿಳಿನೀಲಿ, ರೆಕ್ಕೆಯ ಕಡುನೀಲಿ, ಬೆಳಕು ಜಾರಿದ ಕಡೆ ಹಸಿರು ಮಿಶ್ರಿತ ನೀಲಿ, ಭುಜ ಮತ್ತು ರೆಕ್ಕೆಯ ನಡುವಿನ ಕಪ್ಪು ಪಟ್ಟಿ, ಕೊಕ್ಕಿನ ಕೆಂಪು, ಕೊಕ್ಕಿನ ಕೆಳಬದಿಯ ಗಾಢ ಕೆಂಪು, ಅದರ ಮೇಲಿನ ಹೊಳಪು, ಕಣ್ಣಿನ ಕಪ್ಪು, ಕಣ್ಣೊಳಗಿನ ಬೆಳಕು, ಕೊಂಬೆಯ ಬೂದುಗಂದು. ಇವುಗಳನ್ನು ಐದಕ್ಕೆ ಇಳಿಸಬೇಕು.

ಇಳಿಸುವ ಮೊದಲ ಸೂತ್ರವೆಂದರೆ ಹಕ್ಕಿಯ ಬಣ್ಣ ಯಾವುದು, ಬೆಳಕಿನ ಬಣ್ಣ ಯಾವುದು ಎಂದು ಬೇರ್ಪಡಿಸುವುದು. ಹೊಟ್ಟೆಯ ಗರಿ ತಲೆಯ ಗರಿಗಿಂತ ಗಾಢವಾಗಿ ಕಾಣುವುದಕ್ಕೆ ಬಹುಪಾಲು ನೆರಳೇ ಕಾರಣ. ಎದೆಯ ಅಂಚಿನ ಬೂದು ಕೂಡ ನೆರಳೇ. ಕೊಕ್ಕಿನ ಹೊಳಪು ಆ ಕ್ಷಣದ ಬಿಸಿಲು. ಹೀಗೆ ಬೆಳಕಿನಿಂದ ಬಂದವುಗಳನ್ನೆಲ್ಲ ಹೊಡೆದುಹಾಕಿದರೆ ಕಂದು, ಬಿಳಿ, ತಿಳಿನೀಲಿ, ಕಡುನೀಲಿ, ಕೆಂಪು, ಕಪ್ಪು ಮತ್ತು ಕೊಂಬೆಯ ಬಣ್ಣ ಎಂಬ ಏಳು ಉಳಿಯುತ್ತವೆ. ದೊಡ್ಡ ಚಿತ್ರಗಳಲ್ಲಿ ನೆರಳು ಉಬ್ಬು-ತಗ್ಗನ್ನು ತೋರಿಸುತ್ತದೆ ಎಂಬುದು ನಿಜ, ಆದರೆ 30 ಹೊಲಿಗೆ ಅಗಲದ ಹಕ್ಕಿಯಲ್ಲಿ ನೆರಳಿಗೆಂದು ಹಾಕಿದ ಎರಡನೆಯ ಕಂದು, ದಾರ ಕಡಿಮೆ ಬಿದ್ದು ಬೇರೆ ಲಡಿ ತಂದಂತೆ ಕಾಣುತ್ತದೆ.

ಎರಡನೆಯ ಸೂತ್ರ, ಉಳಿದ ಪ್ರತಿ ಬಣ್ಣವೂ ತನ್ನ ಜಾಗವನ್ನು ಸಮರ್ಥಿಸಿಕೊಳ್ಳಬೇಕು. ಕಡುನೀಲಿಯನ್ನು ತೆಗೆದರೆ ಏನು ಕಳೆದುಹೋಗುತ್ತದೆ? ಬೆನ್ನು ಮತ್ತು ರೆಕ್ಕೆಯ ನಡುವಿನ ಗಡಿ ಮಾತ್ರ. ಆ ಗಡಿ ಇಲ್ಲದಿದ್ದರೂ ಹಕ್ಕಿ ಅದೇ ಹಕ್ಕಿ. ಆದ್ದರಿಂದ ಎರಡು ನೀಲಿಗಳ ನಡುವೆ ಬರುವ ಒಂದೇ ನೀಲಿಯನ್ನು ಆರಿಸಿ ಎರಡನ್ನೂ ಒಂದು ಮಾಡಬಹುದು. ಕಪ್ಪನ್ನು ತೆಗೆದರೆ ಕಣ್ಣೂ ಹೋಗುತ್ತದೆ, ಭುಜದ ಕಂದನ್ನು ರೆಕ್ಕೆಯ ನೀಲಿಯಿಂದ ಬೇರ್ಪಡಿಸುವ ಪಟ್ಟಿಯೂ ಹೋಗುತ್ತದೆ. ಅದು ಕೆಲವೇ ಹೊಲಿಗೆಗಳಾದರೂ ಉಳಿಯಬೇಕು. ಕೊಂಬೆಗೆ ಬೇರೆ ಬಣ್ಣ ಬೇಕಿಲ್ಲ, ಈಗಾಗಲೇ ಇರುವ ದಾರಗಳಲ್ಲಿ ಒಂದನ್ನು ಅದಕ್ಕೆ ಕೊಡಬಹುದು. ಕಂದು ಕೊಟ್ಟರೆ ಸಹಜವೆನ್ನಿಸುತ್ತದೆ, ಆದರೆ ಹಕ್ಕಿಯ ಹೊಟ್ಟೆಯೂ ಕಂದು, ಅದು ಕೊಂಬೆಯ ನೇರ ಮೇಲೆಯೇ ಇದೆ. ಎರಡೂ ಒಂದಕ್ಕೊಂದು ಅಂಟಿಕೊಂಡು ಹಕ್ಕಿ ಮರದಿಂದ ಮೊಳೆತಂತಾಗುತ್ತದೆ. ಆದ್ದರಿಂದ ಕೊಂಬೆಗೆ ಕಪ್ಪನ್ನು ಕೊಟ್ಟು, ಹೊಟ್ಟೆಗೂ ಕೊಂಬೆಗೂ ನಡುವೆ ಒಂದು ಅಡ್ಡಸಾಲನ್ನು ಹೊಲಿಯದೆ ಬಿಟ್ಟು, ಆ ಸಾಲಿನಲ್ಲಿ ಕಾಲಿನ ಎರಡು ಕೆಂಪು ಹೊಲಿಗೆಗಳನ್ನಷ್ಟೇ ಹಾಕುವುದು ಸರಿಯಾದ ಪರಿಹಾರ. ಹೀಗೆ ಕಂದು, ಬಿಳಿ, ನೀಲಿ, ಕೆಂಪು, ಕಪ್ಪು ಎಂಬ ಐದರಲ್ಲಿ ಪಟ್ಟಿ ಮುಗಿಯುತ್ತದೆ.

ಮೂರನೆಯದು ಗಾಢತೆಯ ಪರೀಕ್ಷೆ. ಬಣ್ಣಗಳು ಬೇರೆ ಬೇರೆಯಾಗಿದ್ದ ಮಾತ್ರಕ್ಕೆ ದೂರದಿಂದ ಬೇರೆಯಾಗಿ ಕಾಣುತ್ತವೆಂದಲ್ಲ. ಅವುಗಳ ತಿಳಿ-ಗಾಢಗಳಲ್ಲಿಯೂ ಅಂತರವಿರಬೇಕು. ಕಪ್ಪು-ಬಿಳುಪು ಪ್ರತಿಯನ್ನು ಈಗ ತೆಗೆದು ಕೊಕ್ಕಿನ ಬುಡವನ್ನು ನೋಡಬೇಕು. ಕೆಂಪು ಕೊಕ್ಕು ಮತ್ತು ಕಂದು ತಲೆ ಎರಡೂ ಅಲ್ಲಿ ಬಹುತೇಕ ಒಂದೇ ಬೂದು ಬಣ್ಣವಾಗಿ ಕೂಡಿಕೊಂಡಿರುವ ಸಂಭವ ಹೆಚ್ಚು. ಹಾಗೆಯೇ ದಾರವನ್ನೂ ಆರಿಸಿದರೆ, ನಾಲ್ಕು ಅಡಿ ದೂರದಿಂದ ಕೊಕ್ಕು ಎಲ್ಲಿ ಶುರುವಾಯಿತೆಂದೇ ತಿಳಿಯುವುದಿಲ್ಲ. ಇಲ್ಲಿ ಛಾಯಾಚಿತ್ರಕ್ಕೆ ನಿಷ್ಠರಾಗಿರುವ ಅಗತ್ಯವಿಲ್ಲ: ಕಂದನ್ನು ಇನ್ನೊಂದು ಮೆಟ್ಟಿಲು ಗಾಢವಾಗಿ, ಕಾಫಿ ಬೀಜದ ಬಣ್ಣದ ಕಡೆಗೆ ತೆಗೆದುಕೊಂಡು, ಕೆಂಪನ್ನು ಸ್ವಲ್ಪ ಕಿತ್ತಳೆಯ ಕಡೆಗೆ ತಿಳಿಯಾಗಿಸಬೇಕು. ನೀಲಿಗೂ ಕಂದಿಗೂ ನಡುವೆಯೂ ಇದೇ ಅಂತರ ಬೇಕು, ಹಾಗಾಗಿ ನೀಲಿಯನ್ನು ತಿಳಿಯ ಕಡೆಗೇ ಇಟ್ಟುಕೊಳ್ಳುವುದು ಒಳ್ಳೆಯದು.

ದಾರದ ಅಂಗಡಿಯಲ್ಲಿ ಆರಿಸಿದ ಐದು ಲಡಿಗಳನ್ನು ಪಕ್ಕಪಕ್ಕದಲ್ಲಿಟ್ಟು ಮೊಬೈಲಿನಲ್ಲಿ ಚಿತ್ರ ತೆಗೆದು, ಅದಕ್ಕೆ ಕಪ್ಪು-ಬಿಳುಪು ಫಿಲ್ಟರ್ ಹಾಕಿ ನೋಡಿದರೆ ಈ ಪರೀಕ್ಷೆ ಅಲ್ಲಿಯೇ ಮುಗಿಯುತ್ತದೆ. ಒಂದಕ್ಕೊಂದು ತಾಗುವ ಬಣ್ಣಗಳು ಬೇರೆ ಬೇರೆ ಬೂದುಗಳಾಗಿ ಕಂಡರೆ ಸಾಕು. ಕೊಕ್ಕಿನ ಕೆಂಪು ಮತ್ತು ರೆಕ್ಕೆಯ ನೀಲಿ ಒಂದೇ ಬೂದಾದರೂ ಅವೆರಡೂ ಈ ಹಕ್ಕಿಯಲ್ಲಿ ಎಲ್ಲಿಯೂ ತಾಗುವುದಿಲ್ಲವಾದ್ದರಿಂದ ಅಡ್ಡಿಯಿಲ್ಲ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಕಂದು ಮತ್ತು ಕೆಂಪು ಎರಡೂ ಮೋಸ ಮಾಡುತ್ತವೆ, ಬಾಗಿಲ ಹೊರಗೆ ತಂದು ನೋಡಲು ಸಂಕೋಚಪಡಬಾರದು.

ಚಿತ್ರವನ್ನು ಕಂಪ್ಯೂಟರಿನಲ್ಲಿ 30 × 40 ಚುಕ್ಕೆಗಳಿಗೆ ಕುಗ್ಗಿಸಿದರೆ ಇಷ್ಟೆಲ್ಲ ಶ್ರಮ ಉಳಿಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ಕುಗ್ಗಿಸುವಾಗ ಸಾಮಾನ್ಯವಾಗಿ ಪ್ರತಿ ಚುಕ್ಕೆಗೂ ಅದರೊಳಗೆ ಬಿದ್ದ ಬಣ್ಣಗಳ ಸರಾಸರಿ ಸಿಗುತ್ತದೆ. ಬಿಳಿ ಮತ್ತು ಕಂದಿನ ಗಡಿಯ ಮೇಲಿನ ಚುಕ್ಕೆ ಬಿಳಿಯೂ ಅಲ್ಲದ, ಕಂದೂ ಅಲ್ಲದ, ಹಕ್ಕಿಯ ಮೈಮೇಲೆ ಎಲ್ಲಿಯೂ ಇಲ್ಲದ ಒಂದು ಮಾಸಲು ಬಣ್ಣವಾಗುತ್ತದೆ. ಹೊರಗೆರೆಯ ಉದ್ದಕ್ಕೂ ಇಂಥ ಚುಕ್ಕೆಗಳು ಹರಡಿಕೊಂಡು, ಬಣ್ಣಗಳ ಸಂಖ್ಯೆ ಹೆಚ್ಚಿ, ಅಲ್ಲೊಂದು ಇಲ್ಲೊಂದು ಒಂಟಿ ಹೊಲಿಗೆಗಳು ಹುಟ್ಟಿಕೊಳ್ಳುತ್ತವೆ. ಅದನ್ನು ತಿದ್ದಿ ಸರಿಪಡಿಸುವ ಹೊತ್ತಿಗೆ ಕೈಯಲ್ಲೇ ಬರೆದು ಮುಗಿಸಬಹುದು.

ಚೌಕಗಳನ್ನು ತುಂಬುವುದು

ಗ್ರಾಫ್ ಹಾಳೆಗೆ ಇಳಿದ ಹೊರಗೆರೆ ಕೆಲವು ಚೌಕಗಳನ್ನು ಸೀಳಿಕೊಂಡು ಹೋಗಿರುತ್ತದೆ. ಸೀಳಿದ ಚೌಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಯಾವ ಬಣ್ಣಕ್ಕೆ ಸೇರಿದೆಯೋ ಪೂರ್ತಿ ಚೌಕವನ್ನು ಆ ಬಣ್ಣಕ್ಕೆ ಕೊಡುವುದು ಸಾಮಾನ್ಯ ನಿಯಮ. ಸರಿಸುಮಾರು ಅರ್ಧವಾದಲ್ಲಿ ಚುಕ್ಕೆಯೊಂದನ್ನಿಟ್ಟು ಮುಂದೆ ಹೋಗಬೇಕು, ಅಕ್ಕಪಕ್ಕದ ಚೌಕಗಳು ತುಂಬಿದ ಮೇಲೆ ಅದರ ತೀರ್ಮಾನ ತಾನಾಗಿಯೇ ಸುಲಭವಾಗುತ್ತದೆ. ಕಾಲುಗಳಿಗೆ ಈ ನಿಯಮ ನಡೆಯುವುದಿಲ್ಲ. ಅವು ಅರ್ಧ ಚೌಕದಷ್ಟೂ ದಪ್ಪವಿಲ್ಲದಿರುವುದರಿಂದ ನಿಯಮವನ್ನು ಪಾಲಿಸಿದರೆ ಮಾಯವಾಗಿಬಿಡುತ್ತವೆ. ಅವಕ್ಕೆ ಒಂದೊಂದು ಚೌಕವನ್ನು ಒತ್ತಾಯದಿಂದಲೇ ಕೊಡಬೇಕು.

ಹೀಗೆ ನಿಯಮದಂತೆ ತುಂಬಿದ ನಕ್ಷೆ ಬಹುತೇಕ ಯಾವಾಗಲೂ ಸ್ವಲ್ಪ ಒರಟಾಗಿ ಬರುತ್ತದೆ, ಅದಕ್ಕೆ ಕಾರಣ ಮೆಟ್ಟಿಲುಗಳು. ಓರೆ ಗೆರೆಯಾಗಲಿ ಬಾಗು ಗೆರೆಯಾಗಲಿ ಚೌಕಗಳಲ್ಲಿ ಮೆಟ್ಟಿಲಾಗಿಯೇ ಮೂಡಬೇಕು. ಪ್ರತಿ ಮೆಟ್ಟಿಲು ಎಷ್ಟು ಚೌಕ ಉದ್ದವಿದೆ ಎಂಬ ಸಂಖ್ಯೆಗಳನ್ನು ಸಾಲಾಗಿ ಬರೆದು ನೋಡಿದರೆ ಗೆರೆ ನಯವಾಗಿದೆಯೋ ಇಲ್ಲವೋ ಎಂಬುದು ಕಣ್ಣಿಗಿಂತ ಮೊದಲು ಲೆಕ್ಕಕ್ಕೇ ತಿಳಿಯುತ್ತದೆ. ನೇರ ಓರೆಗೆರೆಯಾದರೆ ಮೆಟ್ಟಿಲುಗಳು ಸಮನಾಗಿ, ಹೆಚ್ಚೆಂದರೆ ಒಂದು ಚೌಕದ ವ್ಯತ್ಯಾಸದಲ್ಲಿರಬೇಕು. ಬಾಗುಗೆರೆಯಾದರೆ ಸಂಖ್ಯೆಗಳು ಒಂದೇ ದಿಕ್ಕಿನಲ್ಲಿ ಇಳಿಯುತ್ತಾ ಅಥವಾ ಏರುತ್ತಾ ಹೋಗಬೇಕು.

ನಮ್ಮ ಹಕ್ಕಿ ಎಡಕ್ಕೆ ನೋಡುತ್ತಿದೆ, ಅದರ ಕೊಕ್ಕು ಹತ್ತು ಚೌಕ ಉದ್ದ, ಬುಡದಲ್ಲಿ ನಾಲ್ಕು ಸಾಲು ದಪ್ಪ ಎಂದಿಟ್ಟುಕೊಳ್ಳೋಣ. ಅರ್ಧಕ್ಕಿಂತ ಹೆಚ್ಚು ಎಂಬ ನಿಯಮದಂತೆ ತುಂಬಿದಾಗ ಮೇಲಿನ ಸಾಲಿಗೆ ತಲೆಯಿಂದ ಆಚೆ ಒಂದು ಕೆಂಪು ಚೌಕ, ಎರಡನೆಯದಕ್ಕೆ ಆರು, ಮೂರನೆಯದಕ್ಕೆ ಹತ್ತು ಬಂದವೆಂದರೆ ಮೆಟ್ಟಿಲುಗಳು ಒಂದು, ಐದು, ನಾಲ್ಕು. ಕೊಕ್ಕಿನ ಬುಡದಲ್ಲಿ ಗುಬುಟೊಂದು ಎದ್ದಂತೆ ಕಾಣುತ್ತದೆ. ಮೇಲಿನ ಸಾಲಿಗೆ ಇನ್ನೆರಡು ಚೌಕ ಸೇರಿಸಿ ಮೂರು, ಆರು, ಹತ್ತು ಮಾಡಿದರೆ ಮೆಟ್ಟಿಲುಗಳು ಮೂರು, ಮೂರು, ನಾಲ್ಕಾಗಿ ಗೆರೆ ನೇರವಾಗಿ ತುದಿಗೆ ಇಳಿಯುತ್ತದೆ. ನಾಲ್ಕನೆಯ ಸಾಲಿಗೆ ಐದು ಚೌಕ ಕೊಟ್ಟರೆ ಕೊಕ್ಕಿನ ಕೆಳಬದಿ ಮೂರನೆಯ ಸಾಲಿನ ತುದಿಗೆ ಸೇರುತ್ತದೆ. ತಲೆಯ ಗುಂಡಗಿನ ಭಾಗವನ್ನೂ ಹೀಗೆಯೇ ಪರೀಕ್ಷಿಸಬೇಕು: ನೆತ್ತಿಯಿಂದ ಹಿಂಗತ್ತಿನ ಕಡೆಗೆ ಮೆಟ್ಟಿಲುಗಳು ಆರು, ಮೂರು, ಎರಡು, ಒಂದು, ಒಂದು ಎಂದು ಇಳಿದರೆ ತಲೆ ದುಂಡಗಾಗಿರುತ್ತದೆ, ಆರು, ಒಂದು, ಮೂರು, ಒಂದು ಎಂದಾದರೆ ಹಿಂಭಾಗದಲ್ಲಿ ಪೆಟ್ಟು ಬಿದ್ದು ಊದಿದಂತಿರುತ್ತದೆ. ಇಂಥ ತಿದ್ದುಪಡಿಯಲ್ಲಿ ಛಾಯಾಚಿತ್ರದ ಗೆರೆಯಿಂದ ಒಂದು ಚೌಕ ಆಚೀಚೆ ಹೋದರೂ ಹಕ್ಕಿಗೆ ನಷ್ಟವಿಲ್ಲ.

ಕಣ್ಣಿನ ವಿಷಯವೂ ಇಲ್ಲಿಯೇ ತೀರ್ಮಾನವಾಗಬೇಕು. ಕಡುಗಂದು ತಲೆಯ ಮೇಲೆ ಒಂದು ಕಪ್ಪು ಹೊಲಿಗೆ ಕಾಣಿಸುವುದೇ ಇಲ್ಲ. ಪಕ್ಕದ ಚೌಕವನ್ನು ಬಿಳಿ ಮಾಡಿದರೆ ಕಣ್ಣು ಅತಿ ದೊಡ್ಡದಾಗುತ್ತದೆ. ಕಪ್ಪು ಹೊಲಿಗೆಯ ಮೇಲ್ಮೂಲೆಯಲ್ಲಿ, ಕೊಕ್ಕಿನ ಕಡೆಗೆ, ಬಿಳಿ ದಾರದ ಒಂದೇ ಎಳೆಯಲ್ಲಿ ಚಿಕ್ಕ ಫ್ರೆಂಚ್ ನಾಟ್ ಹಾಕುವುದು ನಾನು ಕಂಡ ಉತ್ತಮ ಉಪಾಯ. ನಕ್ಷೆಯಲ್ಲಿ ಆ ಚೌಕದ ಮೂಲೆಗೆ ಒಂದು ಸಣ್ಣ ಸೊನ್ನೆ ಬರೆದರೆ ಸಾಕು.

ಕೊನೆಯದಾಗಿ, ಸುತ್ತಲೂ ಬೇರೆ ಬಣ್ಣವಿದ್ದು ನಡುವೆ ಒಂಟಿಯಾಗಿ ನಿಂತ ಚೌಕಗಳನ್ನು ಹುಡುಕಬೇಕು. ಕಣ್ಣು ಮತ್ತು ಕಾಲುಗಳನ್ನು ಬಿಟ್ಟರೆ ಈ ಹಕ್ಕಿಯಲ್ಲಿ ಅಂಥ ಒಂದು ಚೌಕವೂ ಇರಬಾರದು. ಭುಜದ ಕಪ್ಪು ಪಟ್ಟಿ ನಡುನಡುವೆ ಕಡಿದುಹೋಗಿದ್ದರೆ ಅದನ್ನು ಕನಿಷ್ಠ ಮೂಲೆಗೆ ಮೂಲೆ ತಾಗುವಂತೆ ಜೋಡಿಸಬೇಕು, ಇಲ್ಲವೇ ಪೂರ್ತಿ ತೆಗೆದುಬಿಡಬೇಕು.

ಸಂಕೇತಗಳು ಮತ್ತು ದೂರದ ನೋಟ

ಬಣ್ಣದ ಪೆನ್ಸಿಲ್ಲಿನಿಂದ ತುಂಬಿದ ನಕ್ಷೆಯನ್ನು ಗೋಡೆಗೆ ಅಂಟಿಸಿ ಹತ್ತು ಅಡಿ ದೂರದಿಂದ ನೋಡಬೇಕು, ಇಲ್ಲವೇ ಮೊಬೈಲಿನಲ್ಲಿ ಚಿತ್ರ ತೆಗೆದು ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದಾಗಿಸಿ ನೋಡಬೇಕು. ಮಿಂಚುಳ್ಳಿ ಎಂದು ಗೊತ್ತಿಲ್ಲದವರಿಗೂ ಯಾವ ಕಡೆಗೆ ನೋಡುತ್ತಿರುವ ಹಕ್ಕಿ ಎಂಬುದು ತಿಳಿಯಬೇಕು. ಚಿತ್ರವನ್ನು ತಲೆಕೆಳಗು ಮಾಡಿ ನೋಡಿದರೆ ಹಕ್ಕಿಯ ಪರಿಚಯ ಮರೆತು ಗೆರೆಗಳಷ್ಟೇ ಕಾಣುವುದರಿಂದ ಉಳಿದ ಗುಬುಟುಗಳು ಹೊರಬೀಳುತ್ತವೆ.

ಆಮೇಲೆ ಹೊಸ ಹಾಳೆಯೊಂದರ ಮೇಲೆ ನಕ್ಷೆಯನ್ನು ಬಣ್ಣಕ್ಕೆ ಬದಲಾಗಿ ಸಂಕೇತಗಳಲ್ಲಿ ಪ್ರತಿ ಮಾಡಬೇಕು. ರಾತ್ರಿಯ ದೀಪದಲ್ಲಿ ಕಂದು ಪೆನ್ಸಿಲ್ಲೂ ಕಪ್ಪು ಪೆನ್ಸಿಲ್ಲೂ ಒಂದೇ ಆಗುತ್ತವೆ, ಜೆರಾಕ್ಸ್ ಮಾಡಿಸಿದರಂತೂ ಎಲ್ಲವೂ ಒಂದೇ. ಗಾಢ ಬಣ್ಣಕ್ಕೆ ಚೌಕವನ್ನು ಹೆಚ್ಚು ತುಂಬುವ ಗುರುತು, ತಿಳಿ ಬಣ್ಣಕ್ಕೆ ಕಡಿಮೆ ತುಂಬುವ ಗುರುತು ಇಟ್ಟುಕೊಂಡರೆ ಸಂಕೇತದ ನಕ್ಷೆಯಲ್ಲೂ ಹಕ್ಕಿ ಕಾಣುತ್ತದೆ: ಕಪ್ಪಿಗೆ ಪೂರ್ತಿ ತುಂಬಿದ ಚೌಕ, ಕಂದಿಗೆ ಗುಣಾಕಾರ ಚಿಹ್ನೆ, ನೀಲಿಗೆ ಓರೆಗೆರೆ, ಕೆಂಪಿಗೆ ಕೂಡಿಸುವ ಚಿಹ್ನೆ, ಬಿಳಿಗೆ ಒಂದು ಚುಕ್ಕೆ. ಬಣ್ಣದ ಹೆಸರಿನ ಮೊದಲ ಅಕ್ಷರವನ್ನು ಬರೆಯುವ ಅಭ್ಯಾಸ ಕೆಲವರಿಗಿದೆ. ನಮ್ಮ ದುಂಡಗಿನ ಅಕ್ಷರಗಳು ಅಷ್ಟು ಸಣ್ಣ ಚೌಕದಲ್ಲಿ ಒಂದರಂತೆ ಇನ್ನೊಂದು ಕಂಡು ಕಣ್ಣಿಗೆ ತ್ರಾಸ ಕೊಡುತ್ತವೆ. ಬಿಳಿ ಎದೆಯ ಚೌಕಗಳನ್ನು ಖಾಲಿ ಬಿಡಬಾರದು, ಹೊಲಿಯಬೇಕಾದ ಬಿಳಿಗೂ ಹೊಲಿಯಬಾರದ ಹಿನ್ನೆಲೆಗೂ ಆ ಚುಕ್ಕೆಯೇ ವ್ಯತ್ಯಾಸ.

ಬಟ್ಟೆಯ ಬಣ್ಣ

ಬಿಳಿ ಬಟ್ಟೆಯ ಮೇಲೆ ಈ ಹಕ್ಕಿಯ ಎದೆ ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ. ಬಿಳಿ ಬಟ್ಟೆಯೇ ಬೇಕೆಂದಾದರೆ ಎದೆಯ ಹೊರ ಅಂಚಿಗೆ ಬೂದು ದಾರದ ಒಂದೆಳೆಯಲ್ಲಿ ಬ್ಯಾಕ್ ಸ್ಟಿಚ್ ಗೆರೆ ಹಾಕಬೇಕಾಗುತ್ತದೆ, ಅಂದರೆ ಆರನೆಯ ಬಣ್ಣ ಹಿಂಬಾಗಿಲಿನಿಂದ ಬಂದಂತೆ. ಕಪ್ಪು ಅಥವಾ ಕಡುನೀಲಿ ಬಟ್ಟೆಯಲ್ಲಿ ಎದೆ ಎದ್ದು ಕಾಣುತ್ತದೆ, ತಲೆ ಮುಳುಗುತ್ತದೆ. ಬಿಳಿಗೂ ಕಂದಿಗೂ ನಡುವಿನ ಗಾಢತೆಯ ಬಟ್ಟೆ, ಉದಾಹರಣೆಗೆ ಗಂಧದ ಬಣ್ಣದ್ದು ಅಥವಾ ತಿಳಿ ಬೂದುಹಸಿರಿನದು, ಎರಡನ್ನೂ ಉಳಿಸುತ್ತದೆ. ಲಡಿಗಳಿಗೆ ಮಾಡಿದ ಕಪ್ಪು-ಬಿಳುಪು ಪರೀಕ್ಷೆಯನ್ನು ಬಟ್ಟೆಯ ಮೇಲೆ ಅವುಗಳನ್ನಿಟ್ಟು ಇನ್ನೊಮ್ಮೆ ಮಾಡಬೇಕು.

ಇಂಚಿಗೆ 14 ಚೌಕಗಳ ಐಡಾ ಬಟ್ಟೆಯಲ್ಲಿ ಈ ನಕ್ಷೆ 2.1 ಇಂಚು ಅಗಲ, 2.9 ಇಂಚು ಎತ್ತರ ಬರುತ್ತದೆ. ಸುತ್ತಲೂ ಮೂರು ಇಂಚು ಬಿಟ್ಟರೆ ಎಂಟೂವರೆಗೆ ಒಂಬತ್ತು ಇಂಚಿನ ತುಂಡು ಸಾಕು. ಆರೆಳೆಯ ದಾರದಲ್ಲಿ ಎರಡೆಳೆ ತೆಗೆದು ಹೊಲಿದರೆ ಪ್ರತಿ ಬಣ್ಣಕ್ಕೂ ಒಂದು ಲಡಿ ಧಾರಾಳವಾಗುತ್ತದೆ. ಮ್ಯಾಟಿ ಬಟ್ಟೆಯಲ್ಲಿ ನೇಯ್ಗೆಯ ಎಣಿಕೆ ಥಾನಿನಿಂದ ಥಾನಿಗೆ ಬೇರೆಯಾಗುವುದಲ್ಲದೆ ಉದ್ದಕ್ಕೂ ಅಡ್ಡಕ್ಕೂ ಒಂದೇ ಇರದಿರಬಹುದು. ಎರಡೂ ಕಡೆ ಒಂದೊಂದು ಇಂಚು ಅಳೆದು ಎಣಿಸಿ, ವ್ಯತ್ಯಾಸವಿದ್ದರೆ ಈಗ ಹೆಣಿಗೆಗೆ ಹೇಳಲಿರುವ ಲೆಕ್ಕವನ್ನೇ ಬಳಸಬೇಕು.

ಅದೇ ಹಕ್ಕಿ, ಉಲ್ಲನ್ ಹೆಣಿಗೆಯಲ್ಲಿ

ಹೆಣಿಗೆಯ ಕುಣಿಕೆ ಚೌಕವಾಗಿರುವುದಿಲ್ಲ. ಅದರ ಅಗಲ ಹೆಚ್ಚು, ಎತ್ತರ ಕಡಿಮೆ. ಮಧ್ಯಮ ದಪ್ಪದ ಉಲ್ಲನ್ನಿನಲ್ಲಿ 10 ಸೆಂಟಿಮೀಟರಿಗೆ 22 ಕುಣಿಕೆ ಮತ್ತು 28 ಸಾಲು ಬರುವ ಮಾದರಿಯನ್ನು ತೆಗೆದುಕೊಂಡರೆ, ಮೇಲಿನ 30 × 40 ನಕ್ಷೆ 13.6 ಸೆಂಟಿಮೀಟರ್ ಅಗಲ, 14.3 ಸೆಂಟಿಮೀಟರ್ ಎತ್ತರವಾಗಿ, ಸೊಗಸಾಗಿ ನೆಟ್ಟಗೆ ಕೂತಿದ್ದ ಹಕ್ಕಿ ಕುಳ್ಳಾಗಿ ಕುಸಿಯುತ್ತದೆ. ಇದಕ್ಕೆ ಮಿಲಿಮೀಟರ್ ಹಾಳೆಯಲ್ಲೇ ಪರಿಹಾರವಿದೆ: 22ನ್ನು 28ರಿಂದ ಭಾಗಿಸಿದರೆ 0.79, ಅಂದರೆ ಐದಕ್ಕೆ ನಾಲ್ಕರ ಆಸುಪಾಸು. ಚೌಕಗಳ ಬದಲು 5 ಮಿಲಿಮೀಟರ್ ಅಗಲ, 4 ಮಿಲಿಮೀಟರ್ ಎತ್ತರದ ಮನೆಗಳನ್ನು ಎಳೆದು, ಅದೇ ಟ್ರೇಸಿಂಗ್ ಹಾಳೆಯನ್ನು ಮತ್ತೆ ಕಿಟಕಿಗೆ ಅಂಟಿಸಿ ಹೊಸದಾಗಿ ತುಂಬಬೇಕು. ಅಗಲಕ್ಕೆ 30 ಕುಣಿಕೆಯೇ ಉಳಿದು ಎತ್ತರಕ್ಕೆ 50 ಸಾಲುಗಳು ಬರುತ್ತವೆ. ಹಳೆಯ ನಕ್ಷೆಗೆ ನಡುನಡುವೆ ಹತ್ತು ಸಾಲು ತೂರಿಸುವುದು ಸುಲಭವೆನಿಸಬಹುದು, ಆದರೆ ಅದು ತಿದ್ದಿ ನಯಗೊಳಿಸಿದ ಮೆಟ್ಟಿಲುಗಳನ್ನೆಲ್ಲ ಕೆಡಿಸುತ್ತದೆ. ನಿಮ್ಮ ಕೈಯ ಬಿಗಿ ಬೇರೆಯಿದ್ದರೆ ಮನೆಗಳ ಅಳತೆಯೂ ಬೇರೆಯಾಗುತ್ತದೆ, ಆದ್ದರಿಂದ ಮೊದಲು ಅಂಗೈಯಗಲದ ತುಂಡೊಂದನ್ನು ಹೆಣೆದು, ಒಗೆದು, ಒಣಗಿಸಿ ಅಳೆಯಬೇಕು.

ಭುಜದ ಮಟ್ಟದ ಒಂದು ಸಾಲಿನಲ್ಲಿ ಹಿನ್ನೆಲೆ, ಬಿಳಿ, ಕಂದು, ಕಪ್ಪು, ನೀಲಿ, ಮತ್ತೆ ಹಿನ್ನೆಲೆ ಎಂದು ಐದು ದಾರಗಳು ಬರುತ್ತವೆ. ಎಲ್ಲವನ್ನೂ ಹಿಂದಿನಿಂದ ಎಳೆದುಕೊಂಡು ಹೋದರೆ ಹಿನ್ನೆಲೆಯ ದಾರ ಹಕ್ಕಿಯ ಅಷ್ಟಗಲವೂ ಜೋತುಬಿದ್ದು ಬಟ್ಟೆಯನ್ನು ಜಗ್ಗುತ್ತದೆ, ತೊಡುವಾಗ ಬೆರಳೂ ಸಿಕ್ಕಿಕೊಳ್ಳುತ್ತದೆ. ಹಿಂದಿನ ದಾರವನ್ನು ಐದು ಕುಣಿಕೆಗಿಂತ ಹೆಚ್ಚು ಜೋತುಬಿಡಬಾರದೆಂಬುದು ನಾನು ಪಾಲಿಸುವ ಮಿತಿ. ಹಾಗಾಗಿ ಇಲ್ಲಿ ಪ್ರತಿ ಬಣ್ಣದ ತುಂಡಿಗೂ ಪುಟ್ಟ ಪುಟ್ಟ ಬೇರೆ ಉಂಡೆಗಳನ್ನು ಕಟ್ಟಿಕೊಂಡು, ಬಣ್ಣ ಬದಲಾಗುವ ಕಡೆ ಹಿಂಬದಿಯಲ್ಲಿ ಎರಡು ದಾರಗಳನ್ನು ಒಂದಕ್ಕೊಂದು ಸುತ್ತಿ ತೂತು ಬೀಳದಂತೆ ಹೆಣೆಯಬೇಕು. ಒಂದೆರಡು ಕುಣಿಕೆ ಅಗಲದ ಕಪ್ಪು ಪಟ್ಟಿ, ಕಾಲು ಮತ್ತು ಕಣ್ಣುಗಳನ್ನು ಹೆಣೆಯುವಾಗ ಬಿಟ್ಟುಬಿಟ್ಟು, ಅಲ್ಲಿ ಪಕ್ಕದ ಬಣ್ಣವನ್ನೇ ಮುಂದುವರಿಸಿ, ಮುಗಿದ ಮೇಲೆ ದಪ್ಪ ಸೂಜಿಯಿಂದ ಕುಣಿಕೆಯ ಆಕಾರವನ್ನೇ ಅನುಸರಿಸಿ ಮೇಲೆ ಹೊಲಿಯುವುದು ಜಾಣತನ. ನಕ್ಷೆಯಲ್ಲಿ ಅವಕ್ಕೆ ಸುತ್ತು ಹಾಕಿ ಗುರುತಿಟ್ಟರೆ ಹೆಣೆಯುವಾಗ ಗೊಂದಲವಾಗುವುದಿಲ್ಲ. ಇದರಿಂದ ಕಡ್ಡಿಯ ಮೇಲಿನ ದಾರಗಳು ಆ ಸಾಲಿನಲ್ಲಿ ನಾಲ್ಕಕ್ಕೆ ಇಳಿಯುತ್ತವೆ.

ಕ್ರಾಸ್ ಸ್ಟಿಚ್ಚಿನಲ್ಲಿ ನಕ್ಷೆಯ ನಡುವಿನಿಂದ, ಅಂದರೆ 15 ಮತ್ತು 16ನೆಯ ಕಂಬಸಾಲುಗಳ ನಡುವಿನ ಗೆರೆಯಿಂದ ಹೊಲಿಯಲು ತೊಡಗುತ್ತೇವೆ. ಹೆಣಿಗೆಯಲ್ಲಿ ಕೆಳಗಿನ ಬಲಮೂಲೆಯಿಂದ, ಅಂದರೆ ಬಾಲದ ತುದಿಯಿಂದ ಆರಂಭವಾಗುತ್ತದೆ. ಆದ್ದರಿಂದ ಹೆಣಿಗೆಯ ನಕ್ಷೆಗೆ ಸಾಲಿನ ಸಂಖ್ಯೆಗಳನ್ನು ಕೆಳಗಿನಿಂದ ಮೇಲಕ್ಕೆ ಬರೆಯಬೇಕು, ಮುಂಬದಿಯ ಬೆಸ ಸಾಲುಗಳ ಸಂಖ್ಯೆಯನ್ನು ಬಲ ಅಂಚಿನಲ್ಲೂ ಹಿಂಬದಿಯ ಸಮ ಸಾಲುಗಳ ಸಂಖ್ಯೆಯನ್ನು ಎಡ ಅಂಚಿನಲ್ಲೂ ಹಾಕಬೇಕು. ಸಂಖ್ಯೆ ಯಾವ ಅಂಚಿನಲ್ಲಿದೆಯೋ ಆ ಸಾಲನ್ನು ಆ ಅಂಚಿನಿಂದ ಓದುತ್ತಾ ಹೋದರೆ ಹಕ್ಕಿ ಎಡಕ್ಕೇ ಮುಖ ಮಾಡಿ ಕೂರುತ್ತದೆ.